ಚದರ ಅಡಿಗೆ 12 ರೂಪಾಯಿಯೋ, 18 ರೂಪಾಯಿಯೋ? ಫ್ಲೆಕ್ಸ್ ಬ್ಯಾನರಿನ ಪೂರ್ತಿ ಲೆಕ್ಕ

ಊರಿನ ಶಾಲೆಯ ವಾರ್ಷಿಕೋತ್ಸವ ಅಂತ ಇಟ್ಟುಕೊಳ್ಳೋಣ. ಮೂರು ಬ್ಯಾನರ್ ಬೇಕು. ಗೇಟಿಗೆ 10 ಅಡಿ ಅಗಲ, 4 ಅಡಿ ಎತ್ತರದ್ದು ಒಂದು. ವೇದಿಕೆಯ ಹಿಂದೆ 20 ಅಡಿ ಅಗಲ, 10 ಅಡಿ ಎತ್ತರದ್ದು ಒಂದು. ಕಾಂಪೌಂಡ್ ಗೋಡೆಯ ಉದ್ದಕ್ಕೆ 24 ಅಡಿ ಅಗಲ, 2 ಅಡಿ ಎತ್ತರದ ಪಟ್ಟಿ ಒಂದು. ಎರಡು ಅಂಗಡಿಗೆ ಫೋನ್ ಮಾಡಿದ್ದೀರಿ. ಮೊದಲನೆಯವರು "ಚದರ ಅಡಿಗೆ 12 ರೂಪಾಯಿ ಸಾರ್, ಹೊಲಿಗೆ, ಐಲೆಟ್ ಬೇರೆ" ಅಂದರು. ಎರಡನೆಯವರು "18 ರೂಪಾಯಿ, ಎಲ್ಲಾ ಸೇರಿ" ಅಂದರು. ಕೇಳಿದ ತಕ್ಷಣ 12 ರೂಪಾಯಿಯೇ ಅಗ್ಗ ಅನ್ನಿಸುತ್ತದೆ. ಆದರೆ ಈ ಮೂರರಲ್ಲಿ ಎರಡು ಬ್ಯಾನರಿಗೆ 18 ರೂಪಾಯಿಯ ಅಂಗಡಿಯೇ ಅಗ್ಗ.

ಇಲ್ಲಿರುವ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಊರಿಂದ ಊರಿಗೆ, ಸೀಸನ್‌ನಿಂದ ಸೀಸನ್‌ಗೆ ದರ ಬದಲಾಗುತ್ತದೆ. ಗಣೇಶ ಹಬ್ಬದ ಹಿಂದಿನ ವಾರ, ಚುನಾವಣೆಯ ಹೊತ್ತಲ್ಲಿ ಕೇಳುವ ದರವೇ ಬೇರೆ. ನಿಮ್ಮ ಅಂಗಡಿಯ ಅಂಕಿ ಹಾಕಿಕೊಂಡರೆ ಸಾಕು, ಲೆಕ್ಕದ ದಾರಿ ಅದೇ.

ಮೂರು ಖರ್ಚು, ಮೂರು ಅಳತೆ

ಬ್ಯಾನರಿನ ಬಿಲ್ಲಿನಲ್ಲಿ ಮೂರು ಖರ್ಚು ಇರುತ್ತವೆ. ಒಂದೊಂದನ್ನೂ ಬೇರೆ ಬೇರೆ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ಗೊಂದಲ ಹುಟ್ಟುವುದು ಇಲ್ಲೇ.

ಪ್ರಿಂಟಿಂಗ್ ಖರ್ಚು ಚದರ ಅಡಿಗೆ. ಅಗಲ ಗುಣಿಸು ಎತ್ತರ. ಗೇಟಿನ ಬ್ಯಾನರ್ 10 × 4, ಅಂದರೆ 40 ಚದರ ಅಡಿ.

ಹೊಲಿಗೆ ಅಥವಾ ಅಂಚು ಅಂಟಿಸುವ ಖರ್ಚು ರನ್ನಿಂಗ್ ಫೀಟ್‌ಗೆ, ಅಂದರೆ ಸುತ್ತಳತೆಗೆ. ಬ್ಯಾನರಿನ ಒಳಗೆ ಎಷ್ಟು ಜಾಗ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕೂ ಬದಿ ಸೇರಿ ಎಷ್ಟು ಉದ್ದ ಅನ್ನುವುದಷ್ಟೇ ಮುಖ್ಯ. 10 × 4ರ ಬ್ಯಾನರಿಗೆ 10 + 10 + 4 + 4, ಒಟ್ಟು 28 ಅಡಿ.

ಐಲೆಟ್ ಅಂದರೆ ಹಗ್ಗ ಕಟ್ಟಲು ಅಂಚಿನಲ್ಲಿ ಒತ್ತುವ ಲೋಹದ ರಿಂಗ್. ಇದರ ಖರ್ಚು ಒಂದೊಂದಕ್ಕೆ ಇಷ್ಟು ಅಂತ. ಎರಡು ಅಡಿಗೆ ಒಂದರಂತೆ ಹಾಕಿದರೆ 10 × 4ಕ್ಕೆ ಎಷ್ಟು ಬೇಕು? ಮೇಲಿನ ಅಂಚಿಗೆ 6, ಕೆಳಗೆ 6, ಪಕ್ಕದ ಅಂಚುಗಳಿಗೆ 3 ಮತ್ತು 3, ಒಟ್ಟು 18 ಅಂತ ಬರೆದುಬಿಡುವುದು ಸುಲಭ. ಆದರೆ ಇದರಲ್ಲಿ ಮೂಲೆಯ ರಿಂಗ್‌ಗಳು ಎರಡೆರಡು ಸಲ ಎಣಿಕೆಗೆ ಬಂದಿವೆ. ಪಕ್ಕದ ಅಂಚುಗಳಲ್ಲಿ ಹೊಸದಾಗಿ ಬರುವುದು ನಡುವಿನ ಒಂದೊಂದೇ. ನಿಜವಾದ ಸಂಖ್ಯೆ 14. ಸುತ್ತಳತೆ 28ನ್ನು 2ರಿಂದ ಭಾಗಿಸಿದರೂ 14 ಬರುತ್ತದೆ. ಬಿಲ್ಲಿನಲ್ಲಿ 18 ಅಂತ ಕಂಡರೆ ಬ್ಯಾನರ್ ಬಿಡಿಸಿ ಎಣಿಸಿ. ನಾಲ್ಕು ರಿಂಗಿನ ದುಡ್ಡು ಚಿಕ್ಕದೇ, ಆದರೂ ಕೊಡಬೇಕಾದ್ದಲ್ಲ.

ಬದಿಯ ಅಳತೆ ಎರಡರಿಂದ ಸರಿಯಾಗಿ ಭಾಗ ಹೋಗದಿದ್ದರೆ ಒಂದು ರಿಂಗ್ ಜಾಸ್ತಿ ಬೇಕಾಗುತ್ತದೆ. 5 ಅಡಿಯ ಬದಿಯನ್ನು ಮೂರು ಭಾಗ ಮಾಡಬೇಕು, ಎರಡೂವರೆ ಮಾಡಲು ಆಗುವುದಿಲ್ಲ. ಅದನ್ನೂ ಸೇರಿಸಿ ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಹಾಕಿಕೊಳ್ಳುವ ಸೂತ್ರ ಇದು. B1ರಲ್ಲಿ ಅಗಲ, B2ರಲ್ಲಿ ಎತ್ತರ, B3ರಲ್ಲಿ ಚದರ ಅಡಿಯ ದರ, B4ರಲ್ಲಿ ಅಂಚಿಗೆ ರನ್ನಿಂಗ್ ಫೀಟ್ ದರ, B5ರಲ್ಲಿ ಒಂದು ಐಲೆಟ್‌ನ ದರ:

```
=B1*B2*B3 + 2*(B1+B2)*B4 + 2*(ROUNDUP(B1/2,0)+ROUNDUP(B2/2,0))*B5
```

ಎರಡು ಅಂಗಡಿ, ಒಂದೇ ಬ್ಯಾನರ್

ಮೊದಲ ಅಂಗಡಿಯವರು ಅಂಚಿಗೆ ಅಡಿಗೆ 6 ರೂಪಾಯಿ, ಐಲೆಟ್‌ಗೆ 8 ರೂಪಾಯಿ ಹೇಳಿದ್ದಾರೆ ಅಂದುಕೊಳ್ಳಿ. ಗೇಟಿನ ಬ್ಯಾನರಿಗೆ ಪ್ರಿಂಟಿಂಗ್ 480, ಅಂಚು 168, ಐಲೆಟ್ 112. ಒಟ್ಟು 760 ರೂಪಾಯಿ. ಎರಡನೆಯ ಅಂಗಡಿಯಲ್ಲಿ 40 ಚದರ ಅಡಿಗೆ 18ರಂತೆ 720. 12 ರೂಪಾಯಿ ಅಂದವರದ್ದು ಕೊನೆಗೆ ಚದರ ಅಡಿಗೆ 19 ರೂಪಾಯಿ ಬಿತ್ತು.

ಚಿಕ್ಕ ಬ್ಯಾನರಿನಲ್ಲಿ ಈ ವ್ಯತ್ಯಾಸ ಇನ್ನೂ ಜೋರು. ಬಾಗಿಲ ಪಕ್ಕ ಹಾಕುವ 3 × 2ರದ್ದು ತೆಗೆದುಕೊಳ್ಳಿ. ನಾಲ್ಕು ಮೂಲೆಗೆ ನಾಲ್ಕೇ ಐಲೆಟ್ ಸಾಕು. ಆದರೂ ಮೊದಲ ಅಂಗಡಿಯಲ್ಲಿ 72 + 60 + 32, ಒಟ್ಟು 164 ರೂಪಾಯಿ. ಅಂದರೆ ಚದರ ಅಡಿಗೆ 27 ರೂಪಾಯಿಯ ಮೇಲೆ. ಎರಡನೆಯ ಅಂಗಡಿಯಲ್ಲಿ 108. ಒಂದು ಎಚ್ಚರಿಕೆ: ಇಷ್ಟು ಚಿಕ್ಕದಕ್ಕೆ ಕನಿಷ್ಠ ಬಿಲ್ ಅಂತ ಇಟ್ಟಿರುವ ಅಂಗಡಿಗಳಿವೆ. ಅದನ್ನು ಮೊದಲೇ ಕೇಳಿ.

ದೊಡ್ಡದಕ್ಕೆ ಹೋದರೆ ಲೆಕ್ಕ ತಿರುಗುತ್ತದೆ. ವೇದಿಕೆಯ 20 × 10ಕ್ಕೆ ಮೊದಲ ಅಂಗಡಿಯಲ್ಲಿ ಪ್ರಿಂಟಿಂಗ್ 2,400, ಅಂಚು 60 ಅಡಿಗೆ 360, ಐಲೆಟ್ 30ಕ್ಕೆ 240. ಒಟ್ಟು 3,000. ಎರಡನೆಯ ಅಂಗಡಿಯಲ್ಲಿ 3,600. ಇಲ್ಲಿ ಮೊದಲನೆಯವರೇ 600 ರೂಪಾಯಿ ಅಗ್ಗ.

ಇದು ಹೀಗಾಗಲು ಕಾರಣ ಸರಳ. ಅಗಲ, ಎತ್ತರ ಎರಡನ್ನೂ ದುಪ್ಪಟ್ಟು ಮಾಡಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಸುತ್ತಳತೆ ಎರಡೇ ಪಟ್ಟಾಗುತ್ತದೆ. ಬ್ಯಾನರ್ ದೊಡ್ಡದಾದಷ್ಟೂ ಅಂಚು, ಐಲೆಟ್‌ನ ಪಾಲು ಕಡಿಮೆಯಾಗುತ್ತಾ ಹೋಗುತ್ತದೆ, ಚದರ ಅಡಿಯ ದರದ ಪಾಲು ಏರುತ್ತದೆ. ಹಾಗಾಗಿ ಚಿಕ್ಕದಕ್ಕೆ "ಎಲ್ಲಾ ಸೇರಿ" ದರ ಲಾಭ, ದೊಡ್ಡದಕ್ಕೆ ಬಿಡಿಬಿಡಿ ದರ ಲಾಭ.

ಗಡಿ ಎಲ್ಲಿ ಅಂತ ಕೈಲೆಕ್ಕದಲ್ಲೇ ನೋಡಬಹುದು. ಮೊದಲ ಅಂಗಡಿಯಲ್ಲಿ ಅಂಚಿನ ಒಂದು ಅಡಿಗೆ ಹೊಲಿಗೆ 6 ರೂಪಾಯಿ, ಎರಡು ಅಡಿಗೊಂದು ಐಲೆಟ್ ಆದ್ದರಿಂದ ಅದರ ಪಾಲು 4 ರೂಪಾಯಿ, ಒಟ್ಟು 10. ಎರಡನೆಯ ಅಂಗಡಿಯವರು ಚದರ ಅಡಿಗೆ 6 ರೂಪಾಯಿ ಜಾಸ್ತಿ ಕೇಳುತ್ತಾರೆ. ಸುತ್ತಳತೆಯನ್ನು 10ರಿಂದ ಗುಣಿಸಿ, ವಿಸ್ತೀರ್ಣವನ್ನು 6ರಿಂದ ಗುಣಿಸಿ, ಎರಡನ್ನೂ ಹೋಲಿಸಿ. 10 × 4ಕ್ಕೆ 280 ಮತ್ತು 240, ಆದ್ದರಿಂದ ಎರಡನೆಯವರು. 10 × 6ಕ್ಕೆ 320 ಮತ್ತು 360, ಆದ್ದರಿಂದ ಮೊದಲನೆಯವರು.

ವಿಸ್ತೀರ್ಣ ಒಂದೇ, ಬಿಲ್ ಬೇರೆ

ಗಾತ್ರದಷ್ಟೇ ಆಕಾರವೂ ಮುಖ್ಯ. 8 × 6, 12 × 4, 24 × 2 ಮೂರೂ 48 ಚದರ ಅಡಿಯೇ. ಎರಡನೆಯ ಅಂಗಡಿಯಲ್ಲಿ ಮೂರಕ್ಕೂ 864 ರೂಪಾಯಿ. ಮೊದಲ ಅಂಗಡಿಯಲ್ಲಿ 8 × 6ಕ್ಕೆ 856, 12 × 4ಕ್ಕೆ 896, ಕಾಂಪೌಂಡಿನ 24 × 2 ಪಟ್ಟಿಗೆ 1,096. ಪಟ್ಟಿಯ ಸುತ್ತಳತೆ 52 ಅಡಿ, ಐಲೆಟ್ 26. ಉದ್ದನೆಯ ಸಪೂರ ಬ್ಯಾನರಿನಲ್ಲಿ ಅಂಚೇ ಜಾಸ್ತಿ, ಒಳಗಿನ ಜಾಗ ಕಡಿಮೆ. ಬಿಡಿ ದರದ ಅಂಗಡಿಗೆ ಇಂಥದ್ದನ್ನು ಒಯ್ಯಬಾರದು.

ಆದರೆ ಬಿಡಿ ದರಕ್ಕೆ ಒಂದು ದೊಡ್ಡ ಅನುಕೂಲ ಇದೆ: ಬೇಡದ್ದನ್ನು ಬೇಡ ಅನ್ನಬಹುದು. ವೇದಿಕೆಯ ಹಿಂದಿನ ಬ್ಯಾನರ್ ಸಭಾಂಗಣದ ಒಳಗೆ ಇರುವಂಥದ್ದು, ಅಲ್ಲಿ ಗಾಳಿ ಇಲ್ಲ. ಮೇಲಿನ ಅಂಚಿನಿಂದ ಇಳಿಬಿಟ್ಟರೆ ಸಾಕು. ಮೇಲಿನ 20 ಅಡಿಗೆ ಮಾತ್ರ ಅಂಚು, 11 ಐಲೆಟ್. ಆಗ 2,400 + 120 + 88, ಒಟ್ಟು 2,608 ರೂಪಾಯಿ. "ಎಲ್ಲಾ ಸೇರಿ" ದರದವರ ಹತ್ತಿರ ಐಲೆಟ್ ಬೇಡ ಅಂದರೆ ಬಹುತೇಕ ಏನೂ ಇಳಿಯುವುದಿಲ್ಲ.

ಹೀಗೆ ಮೂರೂ ಬ್ಯಾನರನ್ನು ಮೊದಲ ಅಂಗಡಿಗೇ ಕೊಟ್ಟರೆ 4,464 ರೂಪಾಯಿ. ಎರಡನೆಯದಕ್ಕೇ ಕೊಟ್ಟರೆ 5,184. ವೇದಿಕೆಯದ್ದನ್ನು ಮೊದಲ ಅಂಗಡಿಗೂ ಉಳಿದೆರಡನ್ನು ಎರಡನೆಯದಕ್ಕೂ ಹಂಚಿದರೆ 4,192. ಹಂಚಿದ್ದರಿಂದ ಮೊದಲ ಅಂಗಡಿಗಿಂತ ಉಳಿಯುವುದು 272 ರೂಪಾಯಿ. ಅಷ್ಟಕ್ಕೆ ಎರಡು ಕಡೆ ಡಿಸೈನ್ ಕಳಿಸಿ, ಎರಡು ಕಡೆ ಓಡಾಡಿ, ಎರಡು ಬಣ್ಣದ ಛಾಯೆ ಬಂದರೆ ಒಪ್ಪಿಕೊಳ್ಳುವ ಬದಲು, ನಾನಾದರೆ ಮೊದಲ ಅಂಗಡಿಯಲ್ಲೇ ಕೂತು "ಆ ಉದ್ದನೆ ಪಟ್ಟಿಯ ಅಂಚಿನ ದರ ಇಳಿಸಿ, ಮೂರೂ ನಿಮಗೇ ಕೊಡ್ತೀನಿ" ಅನ್ನುತ್ತೇನೆ. 300 ಚದರ ಅಡಿಗೆ ಹತ್ತಿರದ ಆರ್ಡರ್, ಸಾಮಾನ್ಯವಾಗಿ ಒಪ್ಪುತ್ತಾರೆ. ಹಾಗೆ ಕೇಳಬೇಕಾದರೆ ಯಾವ ಬ್ಯಾನರಿನಲ್ಲಿ ಯಾವ ಖರ್ಚು ದೊಡ್ಡದು ಅಂತ ನಿಮಗೆ ಗೊತ್ತಿರಬೇಕು, ಅಲ್ವಾ?

ರೋಲಿನ ಅಗಲ ನೋಡಿ ಅಳತೆ ಇಡಿ

ಫ್ಲೆಕ್ಸ್ ರೋಲಿನಲ್ಲಿ ಬರುತ್ತದೆ. ಸಾಮಾನ್ಯವಾಗಿ ಸಿಗುವ ಅಗಲ 3, 4, 5, 6, 8, 10 ಅಡಿ. ನಿಮ್ಮ ಬ್ಯಾನರಿನ ಒಂದು ಬದಿ ಇವುಗಳಲ್ಲಿ ಒಂದಕ್ಕೆ ಸರಿಹೊಂದಿದರೆ ಏನೂ ವ್ಯರ್ಥವಾಗುವುದಿಲ್ಲ. ಹೊಂದದಿದ್ದರೆ ಉಳಿದ ತುಂಡಿನ ದುಡ್ಡನ್ನೂ ಅನೇಕ ಅಂಗಡಿಯವರು ನಿಮ್ಮ ಬಿಲ್ಲಿಗೇ ಹಾಕುತ್ತಾರೆ.

7 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಬ್ಯಾನರ್ ನೋಡಿ. ಲೆಕ್ಕಕ್ಕೆ 31.5 ಚದರ ಅಡಿ. ಆದರೆ 7 ಅಡಿಯ ರೋಲೂ ಇಲ್ಲ, ನಾಲ್ಕೂವರೆಯದ್ದೂ ಇಲ್ಲ. 5 ಅಡಿ ರೋಲಿನಲ್ಲಿ 7 ಅಡಿ ಉದ್ದ ಓಡಿಸಬೇಕು. ಬಿಲ್ 35 ಚದರ ಅಡಿಗೆ ಬರುತ್ತದೆ. ಅದರ ಬದಲು 8 × 4 ಮಾಡಿದರೆ 32 ಚದರ ಅಡಿ, 4 ಅಡಿ ರೋಲಿಗೆ ಸರಿಯಾಗಿ ಕೂರುತ್ತದೆ. ಅಂದರೆ ಸ್ವಲ್ಪ ದೊಡ್ಡ ಬ್ಯಾನರ್ ಕಡಿಮೆ ಬೆಲೆಗೆ ಸಿಕ್ಕಿತು. ಡಿಸೈನ್ ಮಾಡಿಸುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು: "ನಿಮ್ಮಲ್ಲಿ ಯಾವ ಯಾವ ರೋಲ್ ಇದೆ?"

ಕಾಂಪೌಂಡಿನ ಪಟ್ಟಿಗೂ ಇದೇ ಮಾತು. 2 ಅಡಿಯ ರೋಲ್ ಇಲ್ಲದ ಕಡೆ 4 ಅಡಿ ರೋಲಿನಲ್ಲಿ ಅರ್ಧ ನಿಮ್ಮದು, ಅರ್ಧ ಬೇರೆಯವರ ಕೆಲಸ ಹಾಕಿ ಓಡಿಸುತ್ತಾರೆ. ಅದಕ್ಕೆ ಒಂದು ದಿನ ಕಾಯಲು ನೀವು ಸಿದ್ಧರಿದ್ದರೆ 48 ಚದರ ಅಡಿಗೇ ಬಿಲ್ ಹಾಕಿ ಅನ್ನಬಹುದು. ಅರ್ಜೆಂಟ್ ಅಂದರೆ ಆ ಮಾತು ನಡೆಯುವುದಿಲ್ಲ.

ಅಂಚು ಮಡಚುವುದಕ್ಕೂ ಜಾಗ ಬೇಕು. ಸುತ್ತಲೂ ಒಂದರಿಂದ ಒಂದೂವರೆ ಇಂಚು ಹಿಂದಕ್ಕೆ ಮಡಚುತ್ತಾರೆ. 4 ಅಡಿ ರೋಲಿನಲ್ಲಿ ಪ್ರಿಂಟ್ ಆದ ಬ್ಯಾನರ್ ಮಡಚಿದ ಮೇಲೆ 4 ಅಡಿಗಿಂತ ಎರಡು ಮೂರು ಇಂಚು ಕಡಿಮೆ ಇರುತ್ತದೆ. ಬ್ಯಾನರ್ ಕಟ್ಟಲು ಇದು ಅಡ್ಡಿಯಲ್ಲ. ಅಡ್ಡಿ ಆಗುವುದು ಅಕ್ಷರ ಅಂಚಿಗೆ ಹತ್ತಿರ ಇದ್ದಾಗ. ಅರ್ಧ ಸಾಲು ಮಡಿಕೆಯ ಹಿಂದೆ ಹೋಗುತ್ತದೆ, ಇಲ್ಲವೇ ಅಧ್ಯಕ್ಷರ ಫೋಟೋದ ಹಣೆಗೇ ಐಲೆಟ್ ಬೀಳುತ್ತದೆ. ಸುತ್ತಲೂ ನಾಲ್ಕು ಇಂಚು ಬರೀ ಹಿನ್ನೆಲೆ ಬಣ್ಣ ಬಿಡಿ ಅಂತ ಡಿಸೈನ್ ಮಾಡುವವರಿಗೆ ಹೇಳಿ.

ಫ್ರೇಮ್ ಇದ್ದರೆ ಅಂಚೂ ಬೇಡ, ಐಲೆಟೂ ಬೇಡ

ಕಟ್ಟಿಗೆಯ ರೀಪರ್ ಚೌಕಟ್ಟಿಗೆ ಬ್ಯಾನರ್ ಹೊಡೆಯುವುದಾದರೆ ಹೊಲಿಗೆ, ಐಲೆಟ್ ಎರಡೂ ಸುಮ್ನೆ ಖರ್ಚು. ಫ್ಲೆಕ್ಸನ್ನು ಚೌಕಟ್ಟಿನ ಹಿಂದಕ್ಕೆ ಎಳೆದು ಮೊಳೆ ಅಥವಾ ಸ್ಟೇಪಲ್ ಹೊಡೆಯುತ್ತಾರೆ. ಇದಕ್ಕೆ ಪ್ರತಿ ಬದಿಗೂ ಮೂರು ಇಂಚು ಹೆಚ್ಚುವರಿ ಬೇಕು. ಇಲ್ಲೂ ರೋಲಿನ ನೆನಪಿರಲಿ. 10 × 4ರ ಚೌಕಟ್ಟು ಮಾಡಿದರೆ ಫ್ಲೆಕ್ಸ್ ಹತ್ತೂವರೆ ಅಡಿಗೆ ನಾಲ್ಕೂವರೆ ಅಡಿ ಆಗುತ್ತದೆ. ಅದು 5 ಅಡಿ ರೋಲಿಗೆ ಹೋಗಿ 52.5 ಚದರ ಅಡಿಯ ಬಿಲ್, 630 ರೂಪಾಯಿ. ಚೌಕಟ್ಟನ್ನೇ ಒಂಬತ್ತೂವರೆ ಅಡಿಗೆ ಮೂರೂವರೆ ಅಡಿ ಮಾಡಿಸಿದರೆ 10 × 4ರ ಫ್ಲೆಕ್ಸ್ ಸಾಕು, 480 ರೂಪಾಯಿ. ಹೊಸ ಚೌಕಟ್ಟಿಗೆ ಬಡಗಿಯ ಕೂಲಿ, ರೀಪರ್ ಸೇರಿದರೆ ಒಂದೇ ಸಲದ ಕಾರ್ಯಕ್ರಮಕ್ಕೆ ಇದು ಲಾಭವಲ್ಲ. ಶಾಲೆಯ ಸ್ಟೋರ್ ರೂಮಿನಲ್ಲಿ ಹೋದ ವರ್ಷದ ಚೌಕಟ್ಟು ಬಿದ್ದಿದ್ದರೆ ಮಾತ್ರ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಅದನ್ನು ಅಳೆದು, ಆಮೇಲೆ ಬ್ಯಾನರಿನ ಅಳತೆ ಕೊಡಿ.

12 ರೂಪಾಯಿಗೆ ಯಾವ ಫ್ಲೆಕ್ಸ್?

ಎರಡು ದರ ಹೋಲಿಸುವಾಗ ಎರಡೂ ಕಡೆ ಒಂದೇ ಫ್ಲೆಕ್ಸ್ ಇರಬೇಕು. ಫ್ಲೆಕ್ಸಿನ ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು ಅದು. ಮಾಮೂಲಿ ಫ್ಲೆಕ್ಸ್ 220ರಿಂದ 280ರ ಆಸುಪಾಸು. ಸ್ಟಾರ್ ಫ್ಲೆಕ್ಸ್ ಅದಕ್ಕಿಂತ ದಪ್ಪ, ಮೇಲ್ಮೈ ನುಣುಪು, ಬಣ್ಣ ಚೆನ್ನಾಗಿ ಕೂರುತ್ತದೆ. ಹಿಂದಿನಿಂದ ಲೈಟ್ ಹಾಕುವ ಬೋರ್ಡಿಗೆ ಬ್ಯಾಕ್‌ಲಿಟ್ ಬೇಕು, ಅದು ಇನ್ನೂ ದುಬಾರಿ. ಎರಡು ದಿನದ ವಾರ್ಷಿಕೋತ್ಸವಕ್ಕೆ ಮಾಮೂಲಿಯೇ ಸಾಕು.

ಹೇಳಿದ ಜಿಎಸ್‌ಎಂ ಕೊಟ್ಟಿದ್ದಾರೋ ಇಲ್ಲವೋ ಅಂತ ತಕ್ಕಡಿಯಲ್ಲೇ ಗೊತ್ತಾಗುತ್ತದೆ. ಒಂದು ಚದರ ಅಡಿ ಅಂದರೆ 0.093 ಚದರ ಮೀಟರ್. 40 ಚದರ ಅಡಿಯ ಬ್ಯಾನರ್ ಸುಮಾರು 3.7 ಚದರ ಮೀಟರ್. 280 ಜಿಎಸ್‌ಎಂ ಆದರೆ ಒಂದು ಕಿಲೋಗಿಂತ ತುಸು ಜಾಸ್ತಿ ತೂಗಬೇಕು. 220 ಆದರೆ ಸುಮಾರು 820 ಗ್ರಾಂ. ಬ್ಯಾನರ್ ಸುತ್ತಿ ಪಕ್ಕದ ದಿನಸಿ ಅಂಗಡಿಯ ತಕ್ಕಡಿಗೆ ಇಟ್ಟರೆ ಆಯಿತು. ಐಲೆಟ್, ಹಗ್ಗದ ತೂಕ ಸ್ವಲ್ಪ ಕಳೆಯಿರಿ. 280ರ ದುಡ್ಡು ಕೊಟ್ಟು 220 ತಂದಿದ್ದರೆ 200 ಗ್ರಾಂ ವ್ಯತ್ಯಾಸ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಅಂಚಿನ ಕೆಲಸದಲ್ಲೂ ಹೆಚ್ಚುಕಡಿಮೆ ಇದೆ. ಫ್ಲೆಕ್ಸನ್ನು ಬಿಸಿ ಗಾಳಿಯಲ್ಲಿ ಬೆಸೆಯುತ್ತಾರೆ, ಗಮ್ ಹಾಕಿ ಅಂಟಿಸುತ್ತಾರೆ, ಇಲ್ಲವೇ ಮಿಷನ್ನಿನಲ್ಲಿ ಹೊಲಿಯುತ್ತಾರೆ. ಬಯಲಿನಲ್ಲಿ ಕಟ್ಟುವುದಕ್ಕೆ ಬೆಸೆದದ್ದು ಒಳ್ಳೆಯದು. ಹೊಲಿದದ್ದಾದರೆ ಟಾಕಿ ದೂರ ದೂರ ಇರಬೇಕು. ಒತ್ತೊತ್ತಾಗಿ ಹೊಲಿದರೆ ಸೂಜಿಯ ತೂತುಗಳ ಸಾಲಿನಲ್ಲೇ ಗಾಳಿಗೆ ಹರಿಯುತ್ತದೆ. ಐಲೆಟ್ ಮಡಚಿದ ಎರಡು ಪದರದ ಮೇಲೆ ಬಿದ್ದಿರಬೇಕು. ಒಂದೇ ಪದರಕ್ಕೆ ಒತ್ತಿದ ಐಲೆಟ್ ಮೊದಲ ಗಾಳಿಗೇ ಕಿತ್ತು ಬರುತ್ತದೆ. ತೆಗೆದುಕೊಳ್ಳುವಾಗ ಒಂದು ಮೂಲೆಯ ಐಲೆಟ್‌ಗೆ ಬೆರಳು ಹಾಕಿ ಜಗ್ಗಿ ನೋಡಿ.

ಫ್ಲೆಕ್ಸೇ ಬೇಕಾ?

ಇದನ್ನು ಆರ್ಡರ್ ಕೊಡುವ ಮೊದಲೇ ಯೋಚಿಸಬೇಕು. ಕರ್ನಾಟಕ ಸರ್ಕಾರದ 2016ರ ಮಾರ್ಚ್ ಆದೇಶದಲ್ಲಿ ನಿಷೇಧಿಸಿದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಬ್ಯಾನರ್, ಬಂಟಿಂಗ್, ಫ್ಲೆಕ್ಸ್ ಕೂಡ ಇವೆ. 100 ಮೈಕ್ರಾನ್‌ಗಿಂತ ತೆಳು ಪಿವಿಸಿ ಬ್ಯಾನರುಗಳನ್ನು 2022ರ ಜುಲೈ 1ರಿಂದ ಇಡೀ ದೇಶದಲ್ಲೇ ನಿಷೇಧಿಸಲಾಗಿದೆ. ಅಂಗಡಿಗಳಲ್ಲಿ ಪ್ರಿಂಟ್ ಆಗುತ್ತಿದೆ ಅನ್ನುವುದು ನಿಜ. ಆದರೆ ಕಟ್ಟಿದ ಮೇಲೆ ಪಂಚಾಯಿತಿಯವರೋ ಪುರಸಭೆಯವರೋ ಬಂದು ಕಿತ್ತುಕೊಂಡು ಹೋದರೆ ನಿಮ್ಮ 720 ರೂಪಾಯಿಯೂ ಹೋಯಿತು, ದಂಡವೂ ಬೀಳಬಹುದು. ಸಾರ್ವಜನಿಕ ಜಾಗದಲ್ಲಿ ಯಾವ ಬ್ಯಾನರ್ ಕಟ್ಟುವುದಕ್ಕೂ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು.

ಅದಕ್ಕೇ ಅದೇ ಅಂಗಡಿಯಲ್ಲಿ ಬಟ್ಟೆ ಬ್ಯಾನರಿನ ದರವನ್ನೂ ಕೇಳಿ. ಚದರ ಅಡಿಗೆ 30 ರೂಪಾಯಿ ಅಂತ ಇಟ್ಟುಕೊಂಡರೆ ಗೇಟಿನದ್ದಕ್ಕೆ 1,200. ಬಟ್ಟೆಯ ಅಂಚು ನೂಲು ಬಿಡುವುದರಿಂದ ಸುತ್ತಲೂ ಹೊಲಿಸಲೇಬೇಕು, 28 ಅಡಿಗೆ 168. ಐಲೆಟ್ ಬದಲು ಕಟ್ಟುವ ಲಾಡಿಯನ್ನೇ ಹೊಲಿಸಬಹುದು. ಅಂತೂ 1,400ರ ಹತ್ತಿರ, ಫ್ಲೆಕ್ಸಿನ ಎರಡರಷ್ಟು. ಆದರೆ ಬಟ್ಟೆಯನ್ನು ಮಡಚಿ ಬೀರುವಿನಲ್ಲಿ ಇಡಬಹುದು. ಫ್ಲೆಕ್ಸ್ ಮಡಚಿದರೆ ಮಡಿಕೆಯ ಗೆರೆ ಉಳಿಯುತ್ತದೆ. ಗೇಟಿನ ಬ್ಯಾನರಿನಲ್ಲಿ "ವಾರ್ಷಿಕೋತ್ಸವಕ್ಕೆ ಸ್ವಾಗತ" ಅಂತ ಮಾತ್ರ ಬರೆಸಿ, ವರ್ಷ, ದಿನಾಂಕ, ಅತಿಥಿಗಳ ಹೆಸರು ಬಿಟ್ಟರೆ ಮುಂದಿನ ವರ್ಷವೂ ಅದೇ ಬರುತ್ತದೆ. ಎರಡನೇ ವರ್ಷಕ್ಕೇ ಖರ್ಚು ಸರಿಸುಮಾರು ಸಮ ಆಯಿತು. ಗೇಟಿಗೂ ಕಾಂಪೌಂಡಿಗೂ ನನ್ನ ಆಯ್ಕೆ ಬಟ್ಟೆಯೇ. ಪ್ರತಿ ವರ್ಷ ಬದಲಾಗುವ ವೇದಿಕೆಯ ಬ್ಯಾನರಿಗೆ ಬಟ್ಟೆ ಅಂದರೆ ಪ್ರಿಂಟಿಂಗ್ ಒಂದಕ್ಕೇ 6,000 ಆಗುತ್ತದೆ. ಅಲ್ಲಿ ಅಳತೆಯನ್ನೇ ಇಳಿಸಿ, 12 × 6ರ ಬಟ್ಟೆಯ ಸುತ್ತ ಮಕ್ಕಳ ಕೈಯ ಅಲಂಕಾರ ಮಾಡಿಸಿದರೆ ಪ್ರಿಂಟಿಂಗ್ 2,160ಕ್ಕೆ ಮುಗಿಯುತ್ತದೆ.

ಆರ್ಡರ್ ಬರಹದಲ್ಲಿರಲಿ

ಫೋನಿನಲ್ಲಿ "ಹತ್ತು ನಾಲ್ಕು" ಅಂದರೆ ಅಗಲ ಯಾವುದು, ಎತ್ತರ ಯಾವುದು ಅಂತ ತಿಳಿಯುವುದಿಲ್ಲ. ವಾಟ್ಸಾಪಿನಲ್ಲಿ ಹೀಗೆ ಬರೆದು ಕಳಿಸಿ: "ಅಗಲ 10 ಅಡಿ, ಎತ್ತರ 4 ಅಡಿ, 4 ಅಡಿ ರೋಲಿನಲ್ಲಿ. 280 ಜಿಎಸ್‌ಎಂ. ನಾಲ್ಕೂ ಕಡೆ ಅಂಚು ಬೆಸೆದು, ಎರಡು ಅಡಿಗೊಂದರಂತೆ 14 ಐಲೆಟ್. ಡಿಸೈನ್, ಜಿಎಸ್‌ಟಿ ಎಲ್ಲಾ ಸೇರಿ ಒಟ್ಟು ಎಷ್ಟು?" ಚದರ ಅಡಿಯ ದರ ಕೇಳಬೇಡಿ, ಒಟ್ಟು ಮೊತ್ತ ಕೇಳಿ. ಎರಡೂ ಅಂಗಡಿಗೆ ಇದೇ ಸಂದೇಶ ಕಳಿಸಿದರೆ ಬರುವ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಬಹುದು.

ಪ್ರಿಂಟಿಗೆ ಹೋಗುವ ಕೊನೆಯ ಫೈಲಿನ ಚಿತ್ರವನ್ನು ತರಿಸಿಕೊಂಡು ಓದಿ, ಮೊದಲು ತೋರಿಸಿದ ಡಿಸೈನನ್ನಲ್ಲ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಅಥವಾ ಯೂನಿಕೋಡ್ ಬರಹವನ್ನು ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಅಂಟಿಸಿದರೆ, ಒತ್ತಕ್ಷರಗಳು ಬಿಟ್ಟುಹೋಗುತ್ತವೆ, ಇಲ್ಲವೇ ಪಕ್ಕಕ್ಕೆ ಜಾರುತ್ತವೆ. "ವಾರ್ಷಿಕೋತ್ಸವ"ದಲ್ಲಿ ಅರ್ಕಾವತ್ತೂ ಇದೆ, ತಕ್ಕೆ ಸ ಒತ್ತೂ ಇದೆ. ಎರಡನ್ನೂ ದೊಡ್ಡದು ಮಾಡಿ ನೋಡಿ. ಒಪ್ಪಿಗೆ ಕೊಟ್ಟ ಮೇಲೆ ತಪ್ಪು ಕಂಡರೆ ಮರುಮುದ್ರಣದ ಪೂರ್ತಿ ಬಿಲ್ ನಿಮ್ಮದೇ, ಅಂಚು ಮತ್ತು ಐಲೆಟ್ ಸಮೇತ.